ಕಾರ್ಟನ್ ಪುಷರ್‌ನ ಫೋರ್-ಬಾರ್ ಲಿಂಕೇಜ್: ಉದ್ದ ಹಿಡಿಯುವುದು, ಟ್ರಾನ್ಸ್‌ಮಿಷನ್ ಕೋನ ನೋಡುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆ ಹತ್ತಿರದ ಭೋಸರಿಯ ಶೆಡ್ಡುಗಳಲ್ಲಿ ಪ್ಯಾಕಿಂಗ್ ಮಷೀನ್ ಕಟ್ಟುವ ನಮ್ಮ ಕಡೆಯ ಹುಡುಗರು ಬಹಳ ಜನ ಇದ್ದಾರೆ. ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ಬಂದವರು. ಹಗಲೆಲ್ಲ ಮರಾಠಿ, ಚಹಾದ ಹೊತ್ತಿಗೆ ಕನ್ನಡ. ಆ ಚಹಾದ ಹೊತ್ತಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಉದಾಹರಣೆ ಮೊದಲಿಂದ ಕೊನೆಯವರೆಗೂ ಒಂದೇ: ಸೋಪಿನ ಪ್ಯಾಕೆಟ್ಟುಗಳನ್ನು ಅಡ್ಡಕ್ಕೆ ತಳ್ಳಿ ಕಾರ್ಟನ್‌ನೊಳಗೆ ಸೇರಿಸುವ ಪುಷರ್. ನಿಮಿಷಕ್ಕೆ 40 ಕಾರ್ಟನ್, ಸ್ಟ್ರೋಕ್ 180 ಮಿ.ಮೀ.

ಟ್ರಾನ್ಸ್‌ಮಿಷನ್ ಕೋನ ಅಂದರೆ ಯಾವ ಕೋನ?

ಕಪ್ಲರ್ ಮತ್ತು ರಾಕರ್ ಸೇರುವ ಪಿನ್ನಿನಲ್ಲಿ ಅವೆರಡರ ನಡುವೆ ಇರುವ ಕೋನ. ಕ್ರ್ಯಾಂಕ್ ಕಡೆಯ ಪಿನ್ನಿನದು ಅಲ್ಲ. ಡ್ರಾಯಿಂಗ್ ತಂದು ತೋರಿಸುವವರಲ್ಲಿ ಅರ್ಧ ಜನ ಅಲ್ಲಿಯೇ ಬೆರಳಿಟ್ಟಿರುತ್ತಾರೆ. ಗೇರ್ ಮೋಟರ್ ಕ್ರ್ಯಾಂಕ್ ತಿರುಗಿಸುತ್ತದೆ, ಕ್ರ್ಯಾಂಕ್ ಕಪ್ಲರನ್ನು ಎಳೆದು ನೂಕುತ್ತದೆ, ಕಪ್ಲರ್ ರಾಕರನ್ನು ಅಲ್ಲಾಡಿಸುತ್ತದೆ. ಕಪ್ಲರ್ ಕೊಡುವ ಬಲ ತನ್ನ ಉದ್ದದ ಗೆರೆಯಲ್ಲೇ ಇರುತ್ತದೆ. ಆ ಗೆರೆ ರಾಕರ್‌ಗೆ ಲಂಬವಾಗಿದ್ದರೆ ಬಲವೆಲ್ಲ ತಿರುಗಿಸುವುದಕ್ಕೇ ಹೋಗುತ್ತದೆ. ಓರೆಯಾದಷ್ಟೂ ಬಲದ ಒಂದು ಪಾಲು ರಾಕರ್‌ನ ಉದ್ದಕ್ಕೆ ಹರಿದು ಅದರ ಪಿವಟ್ ಬುಷ್ಷನ್ನು ಒತ್ತುತ್ತದೆ. ಆ ಪಾಲಿನಿಂದ ನಮಗೆ ಏನೂ ಕೆಲಸವಾಗುವುದಿಲ್ಲ.

120 ಡಿಗ್ರಿಯೂ 60 ಡಿಗ್ರಿಯೂ ಈ ಲೆಕ್ಕದಲ್ಲಿ ಒಂದೇ. 90ರಿಂದ ಎಷ್ಟು ದೂರ ಹೋಯಿತು ಅನ್ನುವುದಷ್ಟೇ ಮುಖ್ಯ. ಈ ಅಳತೆಯನ್ನು ಬಳಕೆಗೆ ತಂದವರು ಜರ್ಮನಿಯ ಹರ್ಮನ್ ಆಲ್ಟ್, 1932ರಲ್ಲಿ.

ಉದ್ದಗಳನ್ನು ಎಲ್ಲಿಂದ ಶುರು ಮಾಡಬೇಕು? ನಾನು ಕ್ರ್ಯಾಂಕಿನಿಂದ ಶುರು ಮಾಡುತ್ತೇನೆ.

ಕ್ರ್ಯಾಂಕಿನಿಂದ ಬೇಡ, ಪುಷರ್‌ನಿಂದ ಹಿಂದಕ್ಕೆ ಬನ್ನಿ. ರಾಕರ್ ನೆಟ್ಟಗೆ ನಿಂತಿದೆ, ಪಿವಟ್ ಕೆಳಗಿದೆ, ಮೇಲಿನ ತುದಿಯ ರೋಲರ್ ಪುಷರ್‌ನ ಸ್ಲಾಟಿನಲ್ಲಿ ಕೂತಿದೆ ಅಂದುಕೊಳ್ಳಿ. ರಾಕರ್ ಒಟ್ಟು 60 ಡಿಗ್ರಿ ಆಡಿದರೆ ತುದಿಯ ಎರಡು ಕೊನೆಗಳ ನಡುವಿನ ಅಂತರ ರಾಕರ್‌ನ ಉದ್ದದಷ್ಟೇ ಆಗುತ್ತದೆ, ಯಾಕೆಂದರೆ ಅದು ಸಮಬಾಹು ತ್ರಿಕೋನ. ಹಾಗಾಗಿ 180 ಮಿ.ಮೀ. ಸ್ಟ್ರೋಕಿಗೆ 180 ಮಿ.ಮೀ. ಉದ್ದದ ರಾಕರ್. ತುದಿ ಕಮಾನಿನಲ್ಲಿ ಹೋಗುವುದರಿಂದ ನಡುವೆ 24 ಮಿ.ಮೀ. ಮೇಲೇಳುತ್ತದೆ, ಸ್ಲಾಟಿಗೆ ಅಷ್ಟು ಎತ್ತರ ಬೇಕು.

ಕಪ್ಲರ್ ಪಿನ್ನನ್ನು ಪಿವಟ್‌ನಿಂದ 120 ಮಿ.ಮೀ. ಮೇಲೆ ಇಟ್ಟೆವು. ಆ ಪಿನ್ ಎರಡು ಕೊನೆಗಳ ನಡುವೆ 120 ಮಿ.ಮೀ. ಸರಿಯುತ್ತದೆ. ಹೋಗುವ ಸಮಯ, ಬರುವ ಸಮಯ ಎರಡೂ ಸಮ ಇರಬೇಕಾದರೆ ಕ್ರ್ಯಾಂಕ್ ಶಾಫ್ಟ್ ಈ ಎರಡು ಕೊನೆಗಳನ್ನು ಜೋಡಿಸುವ ನೇರ ಗೆರೆಯ ಮೇಲೆಯೇ ಇರಬೇಕು, ಕ್ರ್ಯಾಂಕ್ ಆ 120ರ ಅರ್ಧ, ಅಂದರೆ 60 ಮಿ.ಮೀ. ಉಳಿದದ್ದು ಕಪ್ಲರ್. ಅದನ್ನು ನೀವು ಎಷ್ಟು ಹಿಡಿದರೂ ಸ್ಟ್ರೋಕ್ ಬದಲಾಗುವುದಿಲ್ಲ. ಶಾಫ್ಟ್ ಆ ಗೆರೆಯ ಮೇಲೆ ಹತ್ತಿರಕ್ಕೋ ದೂರಕ್ಕೋ ಸರಿಯುತ್ತದೆ ಅಷ್ಟೆ. ಸ್ಟ್ರೋಕ್ ಹೇಗೂ ಬರುತ್ತದಲ್ಲ ಎಂದು ಎಲ್ಲರೂ ಜಾಗ ಉಳಿಸಲು ಚಿಕ್ಕದನ್ನೇ ಹಿಡಿಯುತ್ತಾರೆ. ನಾನೂ ಹಿಡಿದಿದ್ದೆ.

ಗ್ರಾಶಾಫ್ ನಿಯಮ ಪಾಸಾಗಿದೆ. ಅಷ್ಟು ಸಾಲದೇ?

ಸಾಲದು. ಚಿಕ್ಕ ಕಡ್ಡಿ, ದೊಡ್ಡ ಕಡ್ಡಿ ಕೂಡಿಸಿದ್ದು ಉಳಿದೆರಡರ ಮೊತ್ತಕ್ಕಿಂತ ಕಡಿಮೆ ಇದ್ದು, ಚಿಕ್ಕದೇ ಕ್ರ್ಯಾಂಕ್ ಆಗಿದ್ದರೆ, ಅದು ಪೂರ್ತಿ ಸುತ್ತು ತಿರುಗುತ್ತದೆ. ಗ್ರಾಶಾಫ್ ಇದನ್ನು ಹೇಳಿದ್ದು 1883ರಲ್ಲಿ. ತಿರುಗುತ್ತದೆ ಅನ್ನುವುದು ಬೇರೆ, ಸಲೀಸಾಗಿ ತಿರುಗುತ್ತದೆ ಅನ್ನುವುದು ಬೇರೆ.

ನನ್ನ ಮೊದಲ ಪುಷರ್‌ನಲ್ಲಿ ಕಪ್ಲರ್ 80 ಮಿ.ಮೀ. ಇತ್ತು. ಶಾಫ್ಟ್‌ನಿಂದ ಪಿವಟ್‌ಗೆ ಇರುವ ಫ್ರೇಮ್ ಉದ್ದ 131.15 ಬಂತು. 60 ಕೂಡಿಸಿದರೆ 191.15, ಆ ಕಡೆ 80 ಮತ್ತು 120 ಸೇರಿ 200. ಪಾಸು. ಸ್ಕ್ರೀನ್ ಮೇಲೆ ಚೆಂದ ತಿರುಗಿತು, ಕೈಯಲ್ಲೂ ತಿರುಗಿತು. ಗಿರಾಕಿಯ ಕಾರ್ಖಾನೆಯಲ್ಲಿ ಕೆಲವು ವಾರ ಓಡಿದ ಮೇಲೆ ಟಕ್ ಟಕ್ ಅನ್ನಲು ಶುರುವಾಯಿತು. ನಮ್ಮ ಫಿಟರ್ ರಾಕರ್ ಬಿಚ್ಚಿ ಪಿವಟ್ ಬುಷ್ಷನ್ನು ಬೆಳಕಿಗೆ ಹಿಡಿದು, “ಸರ, ಇದು ದುಂಡಗಿಲ್ರಿ, ತತ್ತಿ ಆಗೇತ್ರಿ” ಅಂದ. ಸವೆತ ತುದಿಯ ಕಡೆಗೆ, ರಾಕರ್‌ನ ಉದ್ದಕ್ಕೇ ಇತ್ತು. ಗ್ರೀಸ್ ಸಾಲದೆ ಸವೆದಿದೆ ಎಂದು ಹೊಸ ಬುಷ್ ಹಾಕಿ ಬಂದೆವು. ಎರಡನೆಯದೂ ಹಾಗೇ ಆದಾಗ ಕೋನ ಲೆಕ್ಕ ಹಾಕಿದೆ: 35 ಡಿಗ್ರಿ.

ಕೆಟ್ಟ ಕೋನ ಎಲ್ಲಿ ಬರುತ್ತದೆ? ಸುತ್ತು ಪೂರ್ತಿ ಅಳೆಯಬೇಕೇ?

ಬೇಡ, ಎರಡೇ ಜಾಗ ನೋಡಿದರೆ ಸಾಕು. ಕ್ರ್ಯಾಂಕ್ ಫ್ರೇಮಿನ ಗೆರೆಯ ಮೇಲೆ ಮಲಗಿದಾಗ ಒಂದು, ಅದೇ ಗೆರೆಯಲ್ಲಿ ಹಿಂದಕ್ಕೆ ಚಾಚಿದಾಗ ಇನ್ನೊಂದು. ಕ್ರ್ಯಾಂಕ್ ಪಿನ್ ರಾಕರ್ ಪಿವಟ್‌ಗೆ ಅತಿ ಹತ್ತಿರ ಮತ್ತು ಅತಿ ದೂರ ಇರುವುದು ಆಗಲೇ. ಫ್ರೇಮ್ `r1`, ಕ್ರ್ಯಾಂಕ್ `r2`, ಕಪ್ಲರ್ `r3`, ರಾಕರ್‌ನಲ್ಲಿ ಪಿನ್ನಿನವರೆಗಿನ ಉದ್ದ `r4` ಎಂದಿಟ್ಟರೆ:

```
cos μ = (r3² + r4² − (r1 ∓ r2)²) / (2·r3·r4)
```

ಒಂದು ಸಲ ಕಳೆದು, ಒಂದು ಸಲ ಕೂಡಿಸಿ. ಬಂದ ಎರಡು ಕೋನಗಳಲ್ಲಿ 90ರಿಂದ ಹೆಚ್ಚು ದೂರ ಇರುವುದೇ ನಿಮ್ಮ ಕೆಟ್ಟ ಕೋನ. 80ರ ಕಪ್ಲರ್‌ಗೆ 35 ಮತ್ತು 145 ಬರುತ್ತವೆ. ಹೋಗುವ, ಬರುವ ಸಮಯ ಸಮ ಇರುವ ವಿನ್ಯಾಸದಲ್ಲಿ ಈ ಎರಡೂ ಯಾವಾಗಲೂ ಸಮಾನ ಕೆಟ್ಟವು: ಒಂದು ತಳ್ಳುವಾಗ ಬರುತ್ತದೆ, ಇನ್ನೊಂದು ಮರಳುವಾಗ. ತಪ್ಪಿಸಿಕೊಳ್ಳುವ ದಾರಿಯಿಲ್ಲ.

35 ಡಿಗ್ರಿ ಇದ್ದರೆ ನಿಜವಾಗಿ ಆಗುವ ನಷ್ಟ ಎಷ್ಟು?

ಪ್ಯಾಕೆಟ್ ಅಡ್ಡ ಸಿಕ್ಕಿ ಪುಷರ್ ತುದಿಯಲ್ಲಿ 100 ನ್ಯೂಟನ್ ತಡೆ ಬಂದಿದೆ ಅನ್ನಿ, ರಾಕರ್‌ಗೆ ಲಂಬವಾಗಿ. ತುದಿ 180ರಲ್ಲಿ, ಕಪ್ಲರ್ ಪಿನ್ 120ರಲ್ಲಿ. ಹಾಗಾಗಿ ಕೋನ 90 ಇದ್ದರೆ ಕಪ್ಲರ್ 150 ನ್ಯೂಟನ್ ಕೊಟ್ಟರೆ ಮುಗಿಯಿತು, ಪಿವಟ್ ಬುಷ್ಷಿನ ಮೇಲೆ ಬೀಳುವುದು 50. ಕೋನ 35 ಆದರೆ ಕಪ್ಲರ್ ಸುಮಾರು 262 ನ್ಯೂಟನ್ ಕೊಡಬೇಕು, ಪಿವಟ್ ಮೇಲೆ ಬೀಳುವುದು 220. ತಳ್ಳುವ ಕೆಲಸ ಅಷ್ಟೇ, ಬುಷ್ಷಿನ ಹೊರೆ ನಾಲ್ಕು ಪಟ್ಟಿಗೂ ಹೆಚ್ಚು. ಬುಷ್ ತತ್ತಿಯಾದದ್ದು ಇದಕ್ಕೇ, ಗ್ರೀಸಿನದೇನೂ ತಪ್ಪಿರಲಿಲ್ಲ.

ಇನ್ನೊಂದು ನಷ್ಟ ಸಡಿಲದ್ದು. ಕಪ್ಲರ್‌ನ ಉದ್ದಕ್ಕೆ 0.3 ಮಿ.ಮೀ. ಪ್ಲೇ ಬಂದರೆ, 90 ಡಿಗ್ರಿಯಲ್ಲಿ ಪುಷರ್ ತುದಿಯಲ್ಲಿ 0.45 ಮಿ.ಮೀ. ಅಲ್ಲಾಟ. 35ರಲ್ಲಿ ಅದೇ ಪ್ಲೇ 0.78 ಆಗುತ್ತದೆ. ಸವೆತ ಸಡಿಲ ತರುತ್ತದೆ, ಸಡಿಲ ಬಡಿತ ತರುತ್ತದೆ, ಬಡಿತ ಮತ್ತೆ ಸವೆಸುತ್ತದೆ. ಶುರುವಿನಲ್ಲಿ ಸುಮ್ಮನಿದ್ದ ಮಷೀನ್ ಒಂದು ಸಲ ಸದ್ದು ಮಾಡಿದ ಮೇಲೆ ಬೇಗ ಬೇಗ ಹದಗೆಡುವುದು ಹೀಗೆ.

ಹಾಗಾದರೆ ಕಪ್ಲರ್ ಉದ್ದ ಮಾಡುತ್ತಾ ಹೋಗಲೇ?

ಸ್ವಲ್ಪ ದೂರ ಹೋಗಿ, ಆಮೇಲೆ ನಿಲ್ಲಿಸಿ. ಇದೇ ಉದಾಹರಣೆಯಲ್ಲಿ ಕಪ್ಲರ್ 80 ಇದ್ದಾಗ 35 ಡಿಗ್ರಿ, 100ಕ್ಕೆ ಸುಮಾರು 44, 150ಕ್ಕೆ 52.5, 200ಕ್ಕೆ 55.7. ಮೊದಲ 20 ಮಿ.ಮೀ. ಒಂಬತ್ತು ಡಿಗ್ರಿ ಕೊಟ್ಟಿತು. 150 ದಾಟಿದ ಮೇಲೆ 50 ಮಿ.ಮೀ.ಗೆ ಸಿಕ್ಕಿದ್ದು ಮೂರೇ ಡಿಗ್ರಿ. ಎಷ್ಟೇ ಉದ್ದ ಮಾಡಿದರೂ 60 ದಾಟುವುದಿಲ್ಲ, ಯಾಕೆಂದರೆ ಎರಡು ಕೊನೆಗಳಲ್ಲಿ ಕೋನ 90ರಿಂದ ರಾಕರ್ ಆಟದ ಅರ್ಧದಷ್ಟು ದೂರ ಇದ್ದೇ ಇರುತ್ತದೆ. 60ಕ್ಕಿಂತ ಒಳ್ಳೆಯದು ಬೇಕಿದ್ದರೆ ರಾಕರ್‌ನ ಆಟವನ್ನೇ ಇಳಿಸಬೇಕು. 45 ಡಿಗ್ರಿ ಆಟದಲ್ಲಿ ಅದೇ 180 ಸ್ಟ್ರೋಕ್ ಬರಲು ರಾಕರ್ 235 ಮಿ.ಮೀ. ಆಗುತ್ತದೆ. ಎತ್ತರಕ್ಕೆ ಜಾಗ ಇದ್ದವರಿಗೆ ಅದೇ ಉತ್ತಮ ದಾರಿ.

ನಾನು ಆ ಮಷೀನಿಗೆ 150 ಹಾಕಿದೆ. ಶಾಫ್ಟಿನ ಪ್ಲೇಟ್ ಹೊಸದಾಗಿ ಕೊರೆಸಬೇಕಾಯಿತು. ಫ್ರೇಮ್ ಉದ್ದ 182.5ಕ್ಕೆ ಹೋಯಿತು.

ಡೆಡ್ ಸೆಂಟರ್‌ನಲ್ಲಿ ಕೋನ ಸೊನ್ನೆ ಆಗುತ್ತದಲ್ಲ?

ಅದು ಬೇರೆ ಕೋನ. ಪುಷರ್ ಕೊನೆ ಮುಟ್ಟಿದಾಗ ಕ್ರ್ಯಾಂಕ್ ಮತ್ತು ಕಪ್ಲರ್ ಒಂದೇ ಗೆರೆಗೆ ಬರುತ್ತವೆ. ಟ್ರಾನ್ಸ್‌ಮಿಷನ್ ಕೋನ ಇರುವುದು ಕಪ್ಲರ್‌ನ ಇನ್ನೊಂದು ತುದಿಯಲ್ಲಿ, ಅಲ್ಲಿ ಆಗ 60 ಡಿಗ್ರಿ ಇರುತ್ತದೆ, ಏನೂ ತೊಂದರೆ ಇಲ್ಲ. ಕ್ರ್ಯಾಂಕೇ ಓಡಿಸುವವರೆಗೆ ಈ ಡೆಡ್ ಸೆಂಟರ್ ನಮಗೆ ಮಿತ್ರ: ಪುಷರ್ ಮೆಲ್ಲಗೆ ನಿಲ್ಲುತ್ತದೆ, ಮೋಟರ್‌ಗೆ ಹೊರೆ ಇಳಿಯುತ್ತದೆ. ಆದರೆ ಆ ಜಾಗದಲ್ಲಿ ಕಪ್ಲರ್‌ನಲ್ಲಿ ಹುಟ್ಟುವ ಬಲಕ್ಕೆ ಮಿತಿಯೇ ಇರುವುದಿಲ್ಲ. ಕಾರ್ಟನ್‌ನ ಬಾಯಿ ತೆರೆಯದೆ ಪ್ಯಾಕೆಟ್ ಅಲ್ಲಿಯೇ ಸಿಕ್ಕಿದರೆ ಮೋಟರ್ ನಿಲ್ಲುವ ಬದಲು ಯಾವುದಾದರೂ ಪಿನ್ ಬಗ್ಗುತ್ತದೆ. ಟಾರ್ಕ್ ಲಿಮಿಟರನ್ನು ಕ್ರ್ಯಾಂಕ್ ಶಾಫ್ಟಿಗೆ ಮಾತ್ರ ಹಾಕಿ ನಿಶ್ಚಿಂತರಾಗಬೇಡಿ. ಪುಷರ್ ಪ್ಲೇಟಿನ ಹಿಂದೆ ಸ್ಪ್ರಿಂಗ್ ಇರಲಿ.

ಗಿರಾಕಿಗೆ ಮರಳುವಿಕೆ ಬೇಗ ಆಗಬೇಕಂತೆ. ಮಾಡಬಹುದೇ?

ಮಾಡಬಹುದು, ಕೋನದಲ್ಲಿ ಬೆಲೆ ಕೊಡಬೇಕು. ಆದರೆ ಬೆಲೆ ಎಲ್ಲಿ ಕಡಿತವಾಗುತ್ತದೆ ಅನ್ನುವುದರಲ್ಲೇ ಸ್ವಾರಸ್ಯ ಇರುವುದು.

ನಿಮಿಷಕ್ಕೆ 40 ಅಂದರೆ ಒಂದು ಸುತ್ತಿಗೆ 1.5 ಸೆಕೆಂಡ್. ಸಮ ಹಂಚಿದರೆ ತಳ್ಳಲು 0.75, ಮರಳಲು 0.75. ತಳ್ಳುವ ಸಮಯ ಮರಳುವುದರ 1.25 ಪಟ್ಟು ಬೇಕಾದರೆ ಕ್ರ್ಯಾಂಕ್ 200 ಡಿಗ್ರಿ ತಿರುಗುವಷ್ಟು ಹೊತ್ತು ತಳ್ಳಬೇಕು, 160 ಡಿಗ್ರಿಯಲ್ಲಿ ಮರಳಬೇಕು. ಆಗ ತಳ್ಳಲು 0.83 ಸೆಕೆಂಡ್ ಸಿಗುತ್ತದೆ, ಪ್ಯಾಕೆಟ್ಟುಗಳು ಮಗುಚುವುದು ಕಡಿಮೆಯಾಗುತ್ತದೆ.

ಇದಕ್ಕೆ ಕ್ರ್ಯಾಂಕ್ ಶಾಫ್ಟನ್ನು ಆ ನೇರ ಗೆರೆಯಿಂದ ಕೆಳಗಿಳಿಸಬೇಕು. ಕ್ಯಾಡ್‌ನಲ್ಲಿ ಹೀಗೆ ಮಾಡಿ: ಕಪ್ಲರ್ ಪಿನ್ನಿನ ಎರಡು ಕೊನೆಗಳನ್ನು 120 ಮಿ.ಮೀ. ಅಂತರದಲ್ಲಿ ಅಡ್ಡ ಗೆರೆಯ ಮೇಲೆ ಗುರುತಿಸಿ; ಪಿವಟ್ ಅವುಗಳ ನಡುವಿಗೆ ಸರಿಯಾಗಿ 103.9 ಕೆಳಗೆ. ಬಲ ಕೊನೆಯಿಂದ ಎಡಕ್ಕೆ 11 ಡಿಗ್ರಿ ಇಳಿಜಾರಿನ ಗೆರೆ ಎಳೆಯಿರಿ. ಎಡ ಕೊನೆಯಿಂದ ಎಡಕ್ಕೆ 31 ಡಿಗ್ರಿ ಇಳಿಜಾರಿನ ಗೆರೆ. ಎರಡರ ವ್ಯತ್ಯಾಸ 20 ಡಿಗ್ರಿ, 180ಕ್ಕೆ ಕೂಡಿಸಿದರೆ 200, ಕಳೆದರೆ 160. ಅವು ಸೇರುವ ಬಿಂದುವೇ ಶಾಫ್ಟ್. ಅಲ್ಲಿಂದ ಎರಡು ಕೊನೆಗಳಿಗಿರುವ ದೂರ 180.7 ಮತ್ತು 67. ಕೂಡಿಸಿ ಅರ್ಧ ಮಾಡಿದರೆ ಕಪ್ಲರ್, ಕಳೆದು ಅರ್ಧ ಮಾಡಿದರೆ ಕ್ರ್ಯಾಂಕ್. ಅಂಕಿ ದುಂಡಗೆ ಮಾಡಿ ನಾನು ಹಿಡಿದದ್ದು ಕ್ರ್ಯಾಂಕ್ 57, ಕಪ್ಲರ್ 124, ರಾಕರ್ ಪಿನ್ 120, ಫ್ರೇಮ್ 136.5. ಹೀಗೆ ದುಂಡಗೆ ಮಾಡಿದ ಮೇಲೂ ಸ್ಟ್ರೋಕ್ 180.4 ಬರುತ್ತದೆ.

11 ಡಿಗ್ರಿ ಎಲ್ಲಿಂದ ಬಂತು ಅಂತೀರಾ? ಹಲವು ಕೋನ ಇಟ್ಟು ನೋಡಿದ್ದರಿಂದ. 8ಕ್ಕೆ ಕೆಟ್ಟ ಕೋನ 37.1, 11ಕ್ಕೆ 38, 15ಕ್ಕೆ 37.4, 25ಕ್ಕೆ 31.7. ಅಂದರೆ 60 ಡಿಗ್ರಿ ಆಟ ಮತ್ತು 1.25 ಅನುಪಾತ ಎರಡನ್ನೂ ಹಿಡಿದಿಟ್ಟುಕೊಂಡರೆ 38ರ ಆಸುಪಾಸಿಗಿಂತ ಮೇಲೆ ಹೋಗುವುದಿಲ್ಲ. ಇಷ್ಟೇ ಉದ್ದದ ಕಪ್ಲರ್ ಸಮ ಹಂಚಿಕೆಯಲ್ಲಿ 49 ಕೊಡುತ್ತಿತ್ತು. ಶಾಫ್ಟನ್ನು ಗೆರೆಯ ಮೇಲುಗಡೆ ಇಟ್ಟೂ ನೋಡಿದೆ. 90ರಿಂದ 65 ಡಿಗ್ರಿ ಆಚೆ ಹೋಯಿತು, ಅದನ್ನು ಅಲ್ಲೇ ಬಿಟ್ಟೆ.

38 ಡಿಗ್ರಿ ಅಂದರೆ ಫೇಲ್ ಅಲ್ಲವೇ? 40 ಬೇಕು, 45 ಬೇಕು ಅಂತಾರೆ.

40ರಿಂದ 45 ಅನ್ನುವುದು ಒಳ್ಳೆಯ ರೂಢಿ. ಆದರೆ ಅದು ಯಾವ ಸ್ಟ್ರೋಕಿನಲ್ಲಿ ಬರುತ್ತದೆ ಎಂದು ನೋಡದೆ ಹೊಡೆದುಹಾಕಬೇಡಿ. ಈ ವಿನ್ಯಾಸದ ಎರಡು ಗಡಿ ಕೋನಗಳು:

```python
from math import acos, degrees
def mu(r1, r2, r3, r4):
    for d in (r1 - r2, r1 + r2):
        c = (r3**2 + r4**2 - d**2) / (2*r3*r4)
        print(round(degrees(acos(c)), 1))
mu(136.5, 57, 124, 120)   # 38.0, 104.9
```

38 ಬರುವುದು ಕ್ರ್ಯಾಂಕ್ ಫ್ರೇಮಿನ ಮೇಲೆ ಮಲಗಿದಾಗ. ಡ್ರಾಯಿಂಗಿನಲ್ಲಿ ನೋಡಿದರೆ ಆ ಜಾಗ 160 ಡಿಗ್ರಿಯ ಪಾಲಿನೊಳಗೆ, ಅಂದರೆ ಬೇಗ ಮರಳುವ ಸ್ಟ್ರೋಕಿನಲ್ಲಿ ಬೀಳುತ್ತದೆ. ಆಗ ಪುಷರ್ ಮುಂದೆ ಏನೂ ಇಲ್ಲ. ತಳ್ಳುವ 200 ಡಿಗ್ರಿಯ ಪೂರ್ತಿ ಕೋನ 49ರಿಂದ 105ರ ಒಳಗೇ ಇರುತ್ತದೆ. ಹಾಗಾಗಿ ನಿಮಿಷಕ್ಕೆ 40ರ ವೇಗದಲ್ಲಿ ನನಗಿದು ಪಾಸು. ಪುಷರ್ ಪ್ಲೇಟ್ ಭಾರವಾಗಿದ್ದು ವೇಗ ಹೆಚ್ಚಿಸಬೇಕಾದರೆ ಈ ಮಾತು ನಿಲ್ಲುವುದಿಲ್ಲ; ಬೇಗ ಮರಳುವ ಸ್ಟ್ರೋಕಿನಲ್ಲೇ ಪ್ಲೇಟಿನ ಜಡತ್ವದ ಬಲ ಜಾಸ್ತಿ, ಕೆಟ್ಟ ಕೋನವೂ ಅಲ್ಲೇ. ಆಗ ಅಲ್ಯೂಮಿನಿಯಂ ಪ್ಲೇಟ್ ಹಾಕಿ, ಅಥವಾ ಅನುಪಾತ ಇಳಿಸಿ.

ಮೋಟರ್ ಎತ್ತ ತಿರುಗಬೇಕು? ಕಾರ್ಟನ್ ಯಾವ ಕಡೆ?

ಇದನ್ನು ಡ್ರಾಯಿಂಗ್ ಹಂತದಲ್ಲೇ ಕೇಳಿದವರು ನನಗೆ ಒಬ್ಬಿಬ್ಬರೇ ಸಿಕ್ಕಿದ್ದು. ಮೇಲೆ ಕ್ಯಾಡ್‌ನಲ್ಲಿ ಎಳೆದ ಚಿತ್ರದಲ್ಲಿ ಕ್ರ್ಯಾಂಕ್ ಎಡಕ್ಕಿದೆ. ಪುಷರ್ ಬಲ ಕೊನೆಯಲ್ಲಿದ್ದಾಗ ಟ್ರಾನ್ಸ್‌ಮಿಷನ್ ಕೋನ 49, ಎಡ ಕೊನೆಯಲ್ಲಿದ್ದಾಗ 89. ಪ್ಯಾಕೆಟ್ ಕಾರ್ಟನ್‌ನ ಬಾಯಿಗೆ ತಾಗುವುದು, ಸಿಕ್ಕಿಕೊಳ್ಳುವುದು ಎಲ್ಲ ಸ್ಟ್ರೋಕಿನ ಕೊನೆಗೆ. ಹಾಗಾಗಿ ಕಾರ್ಟನ್ ಎಡಕ್ಕೆ, ಕ್ರ್ಯಾಂಕ್ ಇರುವ ಕಡೆಗೇ ಇರಲಿ. ಪುಷರ್ ಬಲದಿಂದ ಎಡಕ್ಕೆ ತಳ್ಳಲಿ. ಕಪ್ಲರ್ ಆಗ ಎಳೆಯುತ್ತಾ ಕೆಲಸ ಮಾಡುತ್ತದೆ, ತೆಳು ರಾಡ್ ಆದರೂ ಬಗ್ಗುವ ಭಯವಿಲ್ಲ. ಹೀಗಿದ್ದಾಗ ಕ್ರ್ಯಾಂಕ್ ಗಡಿಯಾರದ ಮುಳ್ಳಿಗೆ ಎದುರು ತಿರುಗಬೇಕು.

ಎಲೆಕ್ಟ್ರಿಷಿಯನ್ ಎರಡು ಫೇಸ್ ಅದಲು ಬದಲು ಮಾಡಿದರೆ ಪುಷರ್ ಹಾಗೂ ಓಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಈಗ ತಳ್ಳುವುದು ಬೇಗ, ಮರಳುವುದು ನಿಧಾನ. 38 ಡಿಗ್ರಿ ತಳ್ಳುವ ಸ್ಟ್ರೋಕಿಗೇ ಬಂದು ಕೂತಿರುತ್ತದೆ. ಗಾರ್ಡಿನ ಮೇಲೆ ಬಾಣದ ಗುರುತು ಕೊರೆಸಿ. ಸ್ಟಿಕ್ಕರ್ ಉಳಿಯುವುದಿಲ್ಲ.

ಕಪ್ಲರ್‌ಗೆ ರಾಡ್ ಎಂಡ್ ಹಾಕಿದ್ದೇನೆ. ಅದನ್ನು ತಿರುಗಿಸಿ ಸ್ಟ್ರೋಕ್ ಹೆಚ್ಚಿಸಬಹುದೇ?

ಅದರಿಂದ ಸ್ಟ್ರೋಕ್ ಅಷ್ಟೇನೂ ಬದಲಾಗುವುದಿಲ್ಲ, ಜಾಗ ಬದಲಾಗುತ್ತದೆ. ಕಪ್ಲರ್ 124ರಿಂದ 127 ಮಾಡಿದರೆ ಪುಷರ್‌ನ ಎರಡೂ ಕೊನೆಗಳು ಸುಮಾರು 5 ಮಿ.ಮೀ. ಬಲಕ್ಕೆ ಸರಿಯುತ್ತವೆ, ಸ್ಟ್ರೋಕ್ ಒಂದು ಮಿ.ಮೀ. ಚಿಲ್ಲರೆ ಮಾತ್ರ ಬೆಳೆಯುತ್ತದೆ. ಸ್ಟ್ರೋಕ್ ಬೇಕಾದರೆ ಕ್ರ್ಯಾಂಕ್ ಪಿನ್ನನ್ನು ಸ್ಲಾಟಿನಲ್ಲಿ ಸರಿಸಿ: 57ರಿಂದ 52ಕ್ಕೆ ಇಳಿಸಿದರೆ ಸ್ಟ್ರೋಕ್ ಸುಮಾರು 165, ಕೆಟ್ಟ ಕೋನ 40.5ಕ್ಕೆ ಏರುತ್ತದೆ. ಇಳಿಸುವುದು ಸುರಕ್ಷಿತ. ಏರಿಸುವ ಮುನ್ನ ಮೇಲಿನ ಲೆಕ್ಕ ಮತ್ತೊಮ್ಮೆ ಹಾಕಿ.

ಡ್ರಾಯಿಂಗ್ ಇಲ್ಲದ ಹಳೆಯ ಮಷೀನ್ ಬಂದಿದೆ. ಶಾಪ್‌ನಲ್ಲೇ ಹೇಗೆ ನೋಡುವುದು?

ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಮೋಟರ್ ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಶಾಫ್ಟ್ ಮತ್ತು ರಾಕರ್ ಪಿವಟ್‌ಗಳ ನಡುವೆ ದಾರ ಹಿಡಿಯಿರಿ. ಕ್ರ್ಯಾಂಕ್ ಪಿನ್ ದಾರದ ಕೆಳಗೆ ಬಂದಾಗ ನಿಲ್ಲಿಸಿ. ಕಪ್ಲರ್ ಮತ್ತು ರಾಕರ್ ಮೇಲೆ ಪಿನ್‌ನಿಂದ ಪಿನ್‌ಗೆ ಚಾಕ್ ಗೆರೆ ಎಳೆದು ಬೆವೆಲ್ ಪ್ರೊಟ್ರಾಕ್ಟರ್ ಇಡಿ. ಕಡ್ಡಿಯ ಅಂಚಿಗೆ ಇಡಬೇಡಿ, ಬಾಗಿದ ಪಟ್ಟಿಯಾದರೆ ಅಂಚು ಸುಳ್ಳು ಹೇಳುತ್ತದೆ. ನಂತರ ಕ್ರ್ಯಾಂಕ್ ಆಚೆ ಚಾಚಿದ ಜಾಗದಲ್ಲೂ ಅಳೆಯಿರಿ. ಅಲ್ಲಿ ನಿಂತಿರುವಾಗಲೇ ರಾಕರ್ ತುದಿಯನ್ನು ಕೈಯಲ್ಲಿ ಅಲ್ಲಾಡಿಸಿ ಡಯಲ್ ಗೇಜಿನಲ್ಲಿ ಪ್ಲೇ ಎಷ್ಟಿದೆ ನೋಡಿ, ಇನ್ನೆರಡು ಜಾಗದಲ್ಲೂ ನೋಡಿ. ಕೆಟ್ಟ ಕೋನದ ಜಾಗದಲ್ಲಿ ಮಾತ್ರ ಆಟ ಎದ್ದು ಕಂಡರೆ ತಪ್ಪು ಉದ್ದಗಳಲ್ಲಿದೆ. ಎಲ್ಲ ಕಡೆ ಒಂದೇ ಥರ ಇದ್ದರೆ ಬುಷ್ ಮುಗಿದಿದೆ, ಬದಲಾಯಿಸಿ ಸಾಕು.